ಇಪ್ಪತ್ತು ವರ್ಷದ ಒಂದೇ ಒಡಪು

ವಾಡಿ ಜಂಕ್ಷನ್ನಿನ ರೇಲ್ವೆ ನೌಕರರ ಮನೆಗಳ ಸಾಲಿನಲ್ಲಿ ಗುರುದೇವಿಯ ಮನೆಯಷ್ಟು ಸುಮ್ಮನಿದ್ದ ಮನೆ ಇನ್ನೊಂದಿರಲಿಲ್ಲ. ಜಗಳವಿಲ್ಲ, ಕುಡಿತವಿಲ್ಲ. ಗಂಡ ಅಂಬಾರಾಯ ಸಿಗ್ನಲ್ ದೀಪದ ಕೆಲಸದವನು. ಹಗಲು ದೀಪಗಳ ಗಾಜು ಒರೆಸಿ, ಬತ್ತಿ ಕತ್ತರಿಸಿ, ಘಾಸಲೇಟ್ ಎಣ್ಣೆ ತುಂಬುವನು. ಹೊತ್ತು ಇಳಿಯುವಾಗ ಒಂದೊಂದೇ ಕಂಬ ಹತ್ತಿ ದೀಪ ಇಟ್ಟು ಮನೆಗೆ ಬರುವನು. ಒಬ್ಬಳೇ ಮಗಳು ಚಿಂಚೋಳಿಗೆ ಗಂಡನ ಮನೆಗೆ ಹೋದಮೇಲೆ ಮನೆಯಲ್ಲಿ ಉಳಿದವರು ಇಬ್ಬರು, ಉಳಿದ ಮಾತು ನಾಲ್ಕು: ಜೋಳ ಮುಗೀತು, ನೀರು ಬಂತು, ಊಟಕ್ಕೆ ಏಳ್ರಿ, ಬಾಗಿಲು ಹಾಕು.

ಅದು ಗುರುದೇವಿಗೆ ಚುಚ್ಚಿದ್ದು ಚಿತ್ತಾಪುರದಲ್ಲಿ, ಅಕ್ಕ ಗುರುಲಿಂಗಮ್ಮನ ಹಿರಿಮಗಳ ಮದುವೆಯಲ್ಲಿ. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಮನೆಯಲ್ಲಿ ಮಾತ್ರ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೇಳಿಸುತ್ತಾರೆ, ಅದೂ ಪ್ರಾಸ ಕಟ್ಟಿ ಒಡಪಿನಲ್ಲಿ. ಗುರುದೇವಿ ಸೆರಗು ಸರಿಮಾಡಿಕೊಂಡು ಹೇಳಿದಳು:

"ತಾಟಿನ ತುಂಬ ತೊಗರಿ ಬ್ಯಾಳಿ, ಅಂಬಾರಾಯರ ಹೆಸರು ಹೇಳ್ತೀನಿ ಕೇಳ್ರಿ."

"ಬಂತವ್ವ ಬ್ಯಾಳಿ!" ಎಂದಳು ಅಕ್ಕ. "ನಿನ್ನ ಮದುವ್ಯಾಗೂ ಇದೇ ಬ್ಯಾಳಿ, ಮಗಳ ಮದುವ್ಯಾಗೂ ಇದೇ. ಇಪ್ಪತ್ತು ವರ್ಷ ಆತು, ಇನ್ನಾ ಕುದ್ದಿಲ್ಲೇನ ಇದು? ಹೊಸಾದು ಹೇಳು, ಇಲ್ಲಂದ್ರ ಒಳಗ ಬಿಡಂಗಿಲ್ಲ!"

ಎಲ್ಲರೂ ನಕ್ಕರು. ಗುರುದೇವಿಯೂ ನಕ್ಕಳು. ಆದರೆ ಹೊಸದು ಕಟ್ಟಲು ಹೋದರೆ ಏನೂ ಹೊಳೆಯಲಿಲ್ಲ. ಪ್ರಾಸ ಸಿಗದೆ ಅಲ್ಲ. ಗಂಡನ ಬಗ್ಗೆ ಹೇಳಲು ತನಗೆ ಗೊತ್ತಿರುವ ಹೊಸ ಸಂಗತಿ ಒಂದೂ ಇರಲಿಲ್ಲ. ಅವನಿಗೆ ಖಾರ ಎಷ್ಟು ಬೇಕು, ಅಂಗಿಯ ಯಾವ ತೋಳು ಬೇಗ ಹರಿಯುತ್ತದೆ, ಇವೆಲ್ಲ ಗೊತ್ತು. ಅವನ ತಲೆಯೊಳಗೆ ಏನು ಓಡುತ್ತಿದೆ ಎಂಬುದು ಗೊತ್ತಿಲ್ಲ. ಹೀಗೇ ಮುಂದುವರಿದರೆ ಒಂದೇ ಧರ್ಮಶಾಲೆಯಲ್ಲಿ ಇಳಿದುಕೊಂಡ ಇಬ್ಬರು ಪ್ರಯಾಣಿಕರಂತೆ ಮುದುಕರಾಗುತ್ತೇವಲ್ಲ ಎಂಬ ಭಯ ಅವಳನ್ನು ಹಿಡಿಯಿತು.

ಊರಿಗೆ ಬಂದ ದಿನವೇ ಶುರುಮಾಡಿದಳು. ಅವನು ಹೊಸ್ತಿಲು ದಾಟುತ್ತಿದ್ದಂತೆ ಕೇಳಿದಳು:

"ಇವತ್ತ ಏನು ವಿಶೇಷರೀ?"

"ಏನದ? ಏನಿಲ್ಲ."

ಮರುದಿನ ಊಟಕ್ಕೆ ಬಡಿಸುತ್ತಾ, "ನಿಮ್ಮ ಮನಸಿನ್ಯಾಗ ಏನದ, ಹೇಳ್ರಿ" ಎಂದಳು. ಅಂಬಾರಾಯ ಕೈಯಲ್ಲಿದ್ದ ತುತ್ತು ತಾಟಿಗೆ ಇಟ್ಟ.

"ಯಾಕ? ಚಿಂಚೋಳಿಯಿಂದ ಏನರ ಸುದ್ದಿ ಬಂದದೇನು? ಮಗಳು ಆರಾಮ ಇದ್ದಾಳಿಲ್ಲೋ?"

ಪಕ್ಕದ ಮನೆಯ ಹಮೀದಾಬಿ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಗಂಡ ಬಂದೇನವಾಜ್‌ಗೂ ರೇಲ್ವೆ ಕೆಲಸ. ಅವರ ಮನೆಯ ಮಾತು ಗೋಡೆ ದಾಟಿ ಬರುತ್ತಿತ್ತು.

"ಅರೇ ಗುರುದೇವಿ, ಥಾಣಾದಾಗ ಕಳ್ಳನ್ನ ಕೇಳಿದಂಗ ಕೇಳ್ತಿಯಲ್ಲ! ದಣದು ಬಂದವಗ ಮೊದಲ ನೀರು ಕೊಡು, ಉಸಿರು ಬಿಡ್ಲಿ. ಆಮ್ಯಾಲ ನಿಂದೊಂದು ಹೇಳು. ನಿನ್ನ ಗಂಟು ಬಿಚ್ಚದೇ ಅವನ ಗಂಟಿಗಿ ಕೈ ಹಾಕಿದ್ರ ಕೊಡ್ತಾನೇನು? ಮತ್ತ ಎಣ್ಣಿ-ಉಪ್ಪಿನ ಲೆಕ್ಕ ಮುಂಜಾನಿ ಮುಗಸು. ಸಂಜೀಕ ಅದನ್ನ ತಂದಿ ಅಂದ್ರ ಅವ ಎದ್ದು ಹೊರಗ ಕಟ್ಟಿ ಮ್ಯಾಲ ಹೋಗಿ ಕುಂದರ್ತಾನ, ನೋಡು."

ಗುರುದೇವಿ ಹಾಗೇ ಮಾಡಿದಳು. ತರುವುದು ಕೊಡುವುದು ಎಲ್ಲವನ್ನೂ ಬುತ್ತಿ ಕಟ್ಟುವಾಗಲೇ ಹೇಳಿ ಮುಗಿಸಿದಳು. ಸಂಜೆ ಅವನು ಕೈಕಾಲು ತೊಳೆದು, ಚಹಾ ಕುಡಿದು ಕುಳಿತಮೇಲೆ ಅವನ ಮುಖ ನೋಡದೆ, ಸೊಪ್ಪು ಸೋಸುತ್ತಾ ಹೇಳಿದಳು:

"ಇವತ್ತ ಒಂದು ಗೊರವಂಕ ಹಿತ್ತಲದಾಗಿನ ನಾರು ಎತಗೊಂಡು ನಿಮ್ಮ ಸಿಗ್ನಲ್ ಕಂಬದ ಕಡಿ ಹೋತು. ಅಲ್ಲಿ ಏನರ ಅದ ಏನ್ರಿ?"

ಅಂಬಾರಾಯ ಅಂದ: "ಗೂಡು ಕಟ್ಟ್ಯಾದ. ದೀಪದ ಹಿಂದ. ನಾ ಹತ್ತಿದ್ರ ಬೈತದ."

"ಏನಂತ ಬೈತದ್ರೀ?"

ಅವನು ಗೊರವಂಕದ ದನಿ ಮಾಡಿ ತೋರಿಸಿದ. ಗುರುದೇವಿಯ ಕೈಯಿಂದ ಸೊಪ್ಪು ಕೆಳಗೆ ಬಿತ್ತು. ಈ ಮನುಷ್ಯನಿಗೆ ಹಕ್ಕಿಯ ದನಿ ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಮರುದಿನ "ಏನು ವಿಶೇಷ" ಅನ್ನಲಿಲ್ಲ. "ತತ್ತಿ ಇಟ್ಟದೇನ್ರಿ?" ಎಂದಳು. ನಿನ್ನೆಯ ಮಾತಿನ ಎಳೆ ಹಿಡಿದು ಎಳೆದರೆ ಇವತ್ತಿನ ಮಾತು ತಾನೇ ಬರುತ್ತದೆ, ನೂಲು ತೆಗೆದಂತೆ.

ಒಂದು ಸಂಜೆ ಅವನೇ ತಿರುಗಿ ಕೇಳಿದ: "ನೀ ಹಗಲೆಲ್ಲಾ ಒಬ್ಬಾಕಿನೇ ಇರ್ತಿ. ಏನು ಮಾಡ್ತಿ?"

"ಏನದ, ಕೆಲಸ" ಎನ್ನಲು ಹೋದವಳು ತಡೆದಳು. ಅದು ಅವನದೇ "ಏನಿಲ್ಲ" ಆಗುತ್ತಿತ್ತು.

"ಹೈದ್ರಾಬಾದಿನ ಗಾಡಿ ಬಂದು ನಿಂತಾಗ ಹಿತ್ತಲದಾಗ ನಿಂತು ಹೆಣ್ಣುಮಕ್ಕಳ ಮುಖ ನೋಡ್ತೀನ್ರಿ. ಯಾವಾಕಿ ತವರಿಗಿ ಹೊಂಟಾಳ, ಯಾವಾಕಿ ಗಂಡನ ಮನಿಗಿ ಹೊಂಟಾಳ ಅಂತ."

"ಹ್ಯಾಂಗ ಗೊತ್ತಾಗ್ತದ?"

"ತವರಿಗಿ ಹೋಗಾಕಿ ಕಿಟಕಿಯಾಗ ಇರ್ತಾಳ. ಗಂಡನ ಮನಿಗಿ ಹೋಗಾಕಿ ಗಂಟಿನ ಮ್ಯಾಲ ಕೈ ಇಟಗೊಂಡು ಕುಂದರ್ತಾಳ."

"ಹಂಗಾದ್ರ ನೀ ಮೊದಲ ಸಲ ಬಂದಾಗ ಕಿಟಕಿಯಾಗ ಇದ್ದಿ!"

"ಸುಳ್ಳು ಹೇಳಬ್ಯಾಡ್ರಿ. ನಾ ಬಂದಿದ್ದು ಬಂಡಿಯಾಗ."

ಹೀಗೆ ನಡೆದದ್ದು ಒಮ್ಮೆ ಮುರಿಯಿತು. ಗಾಳಿ ಬೀಸಿದ ಒಂದು ದಿನ ಅವನು, "ಗಾಳಿ ಬಿಟ್ರ ಕಂಬ ಅಲಗ್ತದ. ಈಗೀಗ ಕೈ ನಡಗ್ತಾವ" ಎಂದ. ಮುಗಿಸುವ ಮೊದಲೇ ಗುರುದೇವಿ, "ಮತ್ತ ಸಾಹೇಬರಿಗಿ ಹೇಳಿ ಬ್ಯಾರೆ ಕೆಲಸ ತಗೋರಿ! ಬಿದ್ದು ಕೈಕಾಲು ಮುರಕೊಳ್ಳೂ ತನಕಾ ಕಾಯ್ತೀರೇನು?" ಎಂದುಬಿಟ್ಟಳು. ಅವನು ಬಾಯಿ ಮುಚ್ಚಿದ. ಮರುದಿನವೂ ತೆರೆಯಲಿಲ್ಲ. ಮತ್ತೆ ಜೋಳ, ನೀರು, ಬಾಗಿಲು.

ಅವಳಿಗೆ ತಿಳಿಯಿತು. ಅವನು ಕೇಳಿದ್ದು ಉಪಾಯವನ್ನಲ್ಲ. ತಾನು ಹೆದರಿ ಹೇಳಿದ ಉಪಾಯ ಅವನಿಗೆ ಬೈಗುಳವಾಗಿ ಕೇಳಿಸಿತ್ತು. ಒಂದು ಸಂಜೆ ಚಹಾ ಕೊಟ್ಟು ಅಂದಳು:

"ಆವತ್ತ ನೀವು ಹೇಳಾಕತ್ತಿದ್ರಿ, ನಾ ನಡುವ ಕತ್ತರಿ ಹಾಕಿದೆ. ಕಂಬ ಅಲಗ್ತದ ಅಂದ್ರಿ. ಆಗ ಏನು ಮಾಡ್ತೀರಿ?"

ಅಂಬಾರಾಯ ಚಹಾ ಮುಗಿಸುವ ತನಕ ಸುಮ್ಮನಿದ್ದ. ಗುರುದೇವಿಯೂ ಆ ಸುಮ್ಮನಿರುವಿಕೆಯನ್ನು ಮಾತಿನಿಂದ ತುಂಬಲಿಲ್ಲ.

"ಕಂಬ ಗಟ್ಟಿ ಹಿಡಕೊಂಡು ನಮ್ಮ ಮನಿ ಕಡಿ ನೋಡ್ತೀನಿ" ಎಂದ ಕಡೆಗೆ. "ಮ್ಯಾಲಿಂದ ಹಿತ್ತಲ ಕಾಣಸ್ತದ. ನೀ ಅರಿವಿ ಒಣಗ ಹಾಕತಿರ್ತಿ. ನಿನ್ನ ಹಸರ ಸೀರಿ ಕಂಡ್ರ ನಡಗೂ ಕೈ ನಿಂದರ್ತಾವ."

ಇಷ್ಟು ವರ್ಷ ಅವಳು ಆ ಹಿತ್ತಲಲ್ಲಿ ಬಟ್ಟೆ ಒಣಹಾಕಿದ್ದಳು. ಒಮ್ಮೆಯೂ ತಲೆಯೆತ್ತಿ ಕಂಬದ ಮೇಲೆ ಅವನನ್ನು ಹುಡುಕಿರಲಿಲ್ಲ.

ಮರುವರ್ಷ ಅಕ್ಕನ ಕಿರಿಮಗಳ ಮದುವೆ. ಬಾಗಿಲಲ್ಲಿ ಮತ್ತೆ ಅಡ್ಡ ನಿಂತರು.

"ನೋಡ್ರವ್ವ, ಈಗ ಬ್ಯಾಳಿ ಬರ್ತದ!" ಎಂದಳು ಗುರುಲಿಂಗಮ್ಮ.

ಗುರುದೇವಿಯ ನಾಲಿಗೆ ತುದಿಯಲ್ಲಿ ಹೊಸ ಒಡಪು ಇತ್ತು. ಆದರೆ ಅಷ್ಟೊಂದು ಮಂದಿಯ ಮುಖ ನೋಡಿ ಅದನ್ನು ನುಂಗಿಕೊಂಡು ತೊಗರಿ ಬೇಳೆಯನ್ನೇ ಹೇಳಿದಳು. ಮನೆ ಹಾರಿಹೋಗುವಂತೆ ನಕ್ಕರು. ಈ ಸಲ ಚುಚ್ಚಲಿಲ್ಲ.

ತಿರುಗಿ ಬರುವಾಗ ಗಾಡಿಯಲ್ಲಿ ಗದ್ದಲವಿತ್ತು. ಅವಳು ಗಂಡನ ಕಡೆ ಬಾಗಿ ಮೆಲ್ಲಗೆ ಹೇಳಿದಳು:

"ಕಂಬದ ತುದಿಗಿ ದೀಪಾ ಹಚ್ಚಿ, ಹಿತ್ತಲದಾಗಿನ ಹಸರ ಸೀರಿ ಮೆಚ್ಚಿ, ಅಂಬಾರಾಯರು ಮಾತಾಡ್ತಾರ ಮನಸ ಬಿಚ್ಚಿ."

ಅಂಬಾರಾಯ ಸುತ್ತ ನೋಡಿದ. "ಏ, ನನ್ನ ಮುಂದ ನನ್ನ ಹೆಸರು ಹೇಳ್ತಿ! ಯಾರರ ಕೇಳ್ಯಾರು!"

"ಕೇಳ್ಲಿ."

ಒಂದು ಸ್ಟೇಷನ್ ದಾಟಿತು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡ.

"ಖರೇ ಹೇಳಬೇಕಂದ್ರ, ಆ ಗಾಳಿ ದಿನ ನೀ ಉಟ್ಟಿದ್ದು ನೀಲಿ ಸೀರಿ. ಹಸರಂದು ತಂತಿ ಮ್ಯಾಲ ಇತ್ತು."

"ನೀಲೀದು ಆವಾಗ ಮಗಳಿಗಿ ಕೊಟ್ಟಿದ್ದೆ!"

"ಇಲ್ಲ, ಕೊಟ್ಟಿದ್ದಿಲ್ಲ."

ವಾಡಿ ಬಂದರೂ ಅದು ತೀರ್ಮಾನವಾಗಲಿಲ್ಲ. ಇಳಿಯುವ ಗಡಿಬಿಡಿಯಲ್ಲಿ ಇಬ್ಬರೂ ಗಂಟು ಮರೆತರು. ಅಂಬಾರಾಯ ಮತ್ತೆ ಹತ್ತಿ ತರಬೇಕಾಯಿತು.