ಸಿ ಸಾಲು, ಹನ್ನೆರಡರ ಕಾಲಂ

ಕೋಷ್ಟಕ ಓದುವುದು ಮೋಸ ಎಂದು ನನಗೆ ಹೇಳಿದವರು ಒಬ್ಬ ಬ್ಯಾಂಕ್ ಮ್ಯಾನೇಜರು. ಕೋಷ್ಟಕ ಓದಿಯೇ ಇಪ್ಪತ್ತೆರಡು ವರ್ಷ ಅನ್ನ ತಿಂದವಳು ನಾನು. ಆ ಮಾತು ಅವರು ಆಡಬಾರದಿತ್ತು.

ಕೊಚ್ಚಿಯಲ್ಲಿರುವ ನಾವು ಐದಾರು ಕನ್ನಡದವರು ವಾಟ್ಸ್ಯಾಪಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದೆವು. ಮೊದಮೊದಲು ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳಲು, ಆಮೇಲೆ ಜೇನುಗೂಡಿನ ಆಟಕ್ಕೆ. ಇಂಗ್ಲಿಷಿನ ಏಳು ಅಕ್ಷರ, ನಡುವೆ ಒಂದು, ಸುತ್ತ ಆರು. ನಾಲ್ಕು ಅಕ್ಷರಕ್ಕೆ ಕಡಿಮೆಯಿಲ್ಲದ ಪದಗಳನ್ನು ಮಾಡಬೇಕು, ನಡುವಿನ ಅಕ್ಷರ ಪ್ರತಿಯೊಂದರಲ್ಲೂ ಇರಲೇಬೇಕು, ಒಂದೇ ಅಕ್ಷರ ಎಷ್ಟು ಸಲ ಬಂದರೂ ಅಡ್ಡಿಯಿಲ್ಲ. ದಿನಕ್ಕೊಂದು ಗೂಡು. ನಮ್ಮಲ್ಲಿ ಹಳೆಯದು ಹೋಗಿ ಹೊಸದು ಬರುವುದು ಮಧ್ಯಾಹ್ನದ ಊಟದ ಹೊತ್ತಿಗೆ.

ಎಷ್ಟು ಪದ ಬಾಕಿ ಎಂದು ಆಟ ಹೇಳುವುದಿಲ್ಲ. ಅದಕ್ಕೆಂದೇ ಬೇರೆ ಪುಟದಲ್ಲಿ ಸುಳಿವಿನ ಕೋಷ್ಟಕ ಇದೆ. ಎಡಗಡೆ ಪದದ ಮೊದಲ ಅಕ್ಷರ, ಮೇಲ್ಗಡೆ ಪದದ ಉದ್ದ: ನಾಲ್ಕು, ಐದು, ಆರು, ಹೀಗೆ. ಸಾಲೂ ಕಾಲಮ್ಮೂ ಸೇರುವ ಮನೆಯಲ್ಲಿ ಅಂಥ ಪದ ಎಷ್ಟಿವೆ ಎಂಬ ಅಂಕಿ. ಸಾಲಿನ ಕೊನೆಗೆ, ಕಾಲಮ್ಮಿನ ಬುಡಕ್ಕೆ ಮೊತ್ತ. ಅದನ್ನು ಮೊದಲ ಸಲ ನೋಡಿದಾಗ ನನಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು. ವಿಲ್ಲಿಂಗ್ಡನ್ ಐಲ್ಯಾಂಡಿನ ನನ್ನ ಕಾರ್ಮಿಕ ಇಲಾಖೆಯ ಕಚೇರಿಗೆ ಬರುವುದು ಬಂದರಿನ ಕಾರ್ಮಿಕರ ವ್ಯಾಜ್ಯಗಳು. ಪ್ರತಿ ತಿಂಗಳು ನಾನು ಮಾಡುವ ಬಾಕಿ ಪಟ್ಟಿಯೂ ಹೀಗೆಯೇ ಇರುತ್ತದೆ. ಎಡಕ್ಕೆ ವಿಭಾಗ, ಮೇಲೆ ಎಷ್ಟು ತಿಂಗಳಿಂದ ಬಾಕಿ, ನಡುವೆ ಅಂಕಿ.

ಅಲ್ಲೇ ನಾನು ಎಡವಿದ್ದು. ಒಂದು ಭಾನುವಾರ ಟಿ ಸಾಲಿನಲ್ಲಿ ನಾಲ್ಕರ ಕಾಲಂ ಕೆಳಗೆ ಮೂರು ಎಂದಿತ್ತು. "ಟಿಯೊಳಗ ಇನ್ನೂ ಮೂರು ಬಾಕಿ ಅದಾವ" ಎಂದು ಗುಂಪಿನಲ್ಲಿ ಹಾಕಿಬಿಟ್ಟೆ. ನಮ್ಮ ಪಟ್ಟಿಯಲ್ಲಿ ಕಡತ ಮುಗಿದರೆ ಅಂಕಿ ಇಳಿಯುತ್ತದೆ. ಈ ಕೋಷ್ಟಕ ಯಾರು ಎಷ್ಟು ಹುಡುಕಿದರೂ ಇಳಿಯುವುದಿಲ್ಲ, ಅದು ಆ ದಿನದ ಒಟ್ಟು ಲೆಕ್ಕ. ಆ ಮೂರನ್ನೂ ಎಲ್ಲರೂ ಆಗಲೇ ಹುಡುಕಿ ಆಗಿತ್ತು. ಇಲ್ಲದ ಪದಗಳಿಗಾಗಿ ಎಲ್ಲರ ಭಾನುವಾರ ಹಾಳಾಯಿತು.

ಗುಂಪಿನಲ್ಲಿ ವಾರದ ಅಂಕಪಟ್ಟಿ ಬರೆಯುತ್ತಿದ್ದವರು ಆ ಮ್ಯಾನೇಜರು. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವರು. ಅಂದೇ ಅಪ್ಪಣೆ ಹೊರಟಿತು: "ಟೇಬಲ್ ನೋಡೋರ ಸ್ಕೋರ್ ಇನ್ಮೇಲೆ ಪಟ್ಟೀಲಿ ಬರಲ್ಲ. ಇಂಗ್ಲಿಷ್ ಬರೋರು ತಲೆಯಿಂದ ಆಡ್ಲಿ." ನಾನು ಗದಗಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವಳು ಎಂಬುದು ಅವರಿಗೆ ಗೊತ್ತಿತ್ತು. ಮೈಯೆಲ್ಲ ಉರಿಯಿತು. ತಪ್ಪು ನನ್ನದೇ, ಒಪ್ಪಿದೆ. ತಪ್ಪಿಗೆ ತಿದ್ದುಪಡಿ ಇರಬೇಕು, ಹೆಸರನ್ನೇ ಹೊಡೆದುಹಾಕುವುದು ಯಾವ ನ್ಯಾಯ? ಎರಡು ತಿಂಗಳು ನನ್ನ ಹೆಸರಿಲ್ಲದ ಪಟ್ಟಿಯ ಕೆಳಗೆ ನಾನೇ ನನ್ನ ಅಂಕ ಬರೆದು ಹಾಕಿದೆ. ಪಕ್ಕದಲ್ಲಿ "ಕೋಷ್ಟಕ ನೋಡಿ" ಎಂದೂ ಬರೆದೆ.

ಗುಂಪಿನವರೊಬ್ಬರು ತಿರುವನಂತಪುರಕ್ಕೆ ವರ್ಗವಾಗಿ ಹೋಗಿ ಅಲ್ಲೇ ಮನೆ ಮಾಡಿದರು. ಗೃಹಪ್ರವೇಶಕ್ಕೆ ಬೆಳಗಿನ ರೈಲಿನಲ್ಲಿ ಮೂವರು ಹೊರಟೆವು: ನಾನು, ಮ್ಯಾನೇಜರು, ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಮಂಗಳೂರಿನ ಹುಡುಗಿ. ಕಾಯಂಕುಳಂ ದಾಟಿದರೂ ಮ್ಯಾನೇಜರ ಕಣ್ಣು ಫೋನು ಬಿಟ್ಟು ಏಳಲಿಲ್ಲ. ಹಿಂದಿನ ದಿನದ ಗೂಡಿನಲ್ಲಿ ಎ, ಸಿ, ಎಲ್, ಎನ್, ಓ, ಟಿ, ನಡುವೆ ಐ. ರಾಶಿ ಪದಗಳ ಗೂಡು. ಅವರು ತೋಚಿದ್ದೆಲ್ಲ ತೆಗೆದಿದ್ದರು, ಆದರೆ ಪೂರ್ತಿ ಮುಗಿದಾಗ ಬರುವ ಪದವಿ ಮಾತ್ರ ಬಂದಿರಲಿಲ್ಲ. ಮಧ್ಯಾಹ್ನಕ್ಕೆ ಗೂಡು ಬದಲಾಗಿಬಿಡುತ್ತದೆ.

"ಇನ್ನು ಪದಾನೇ ಇಲ್ಲ. ಆಟದಲ್ಲೇ ಏನೋ ತೊಂದರೆ," ಎಂದರು.

"ಟೇಬಲ್ ನೋಡ್ಲೇನ್ರಿ ಸರ್?" ಎಂದೆ.

"ನೋಡಿ, ನಿಮಗೆ ಗೊತ್ತಿರೋದೇ ಅದು."

ಆಗಲಿ ಎಂದು ಗೃಹಪ್ರವೇಶದ ಪತ್ರಿಕೆಯ ಲಕೋಟೆ ಹರಿದು ಬಿಚ್ಚಿದೆ. ನನ್ನ ಫೋನಿನ ಕೋಷ್ಟಕ ನೋಡಿ ಮನೆಗಳನ್ನು ಎಳೆದೆ. ಮಂಗಳೂರಿನ ಹುಡುಗಿ ಮ್ಯಾನೇಜರ ಫೋನು ಹಿಡಿದು ಪದಗಳನ್ನು ಒಂದೊಂದಾಗಿ ಓದಿದಳು. ಓದಿದ್ದಕ್ಕೆಲ್ಲ ಅದರ ಮೊದಲ ಅಕ್ಷರದ ಸಾಲಿನಲ್ಲಿ, ಉದ್ದದ ಕಾಲಮ್ಮಿನಲ್ಲಿ ಒಂದು ಗೀಟು ಹಾಕಿದೆ. ಈ ಸಲ ಕೋಷ್ಟಕದ ಅಂಕಿಯನ್ನು ಬಾಕಿ ಎಂದುಕೊಳ್ಳಲಿಲ್ಲ, ಅದರಿಂದ ಗೀಟುಗಳನ್ನು ಕಳೆದೆ. ಎ ಸಾಲು ಸರಿ. ಎಲ್ ಸರಿ. ಟಿ ಕೂಡ ಸರಿ. ಸಿ ಸಾಲಿನ ಮೊತ್ತಕ್ಕೆ ಒಂದು ಗೀಟು ಕಡಿಮೆ. ಬೆರಳನ್ನು ಆ ಸಾಲಿನ ಮೇಲೆ ಸರಿಸುತ್ತ ಹೋದೆ. ಹನ್ನೊಂದರ ಕಾಲಂ ತನಕ ಗೀಟು ಅಂಕಿಗೆ ಅಂಕಿ ಹೊಂದಿತು. ಹನ್ನೆರಡರ ಕಾಲಂ ಕೆಳಗೆ ಒಂದು ಎಂದಿತ್ತು, ನನ್ನ ಲಕೋಟೆಯಲ್ಲಿ ಆ ಮನೆ ಖಾಲಿ.

"ಹನ್ನೆರಡು ಅಕ್ಷರದ್ದು ಐತ್ರಿ. ಸಿಯಿಂದ ಸುರು."

"ಈ ಏಳಕ್ಷರದಲ್ಲಿ ಹನ್ನೆರಡಾ? ಸಾಧ್ಯ ಇಲ್ಲ ಬಿಡಿ. ನಿಮ್ಮ ಆ ಭಾನುವಾರದ ಲೆಕ್ಕ ಇದ್ದಂಗೆ ಇದೂ."

ಮಂಗಳೂರಿನ ಹುಡುಗಿಗೆ ರೇಗಿತು. "ಎಂಥ ಸರ್ ನೀವು, ಅಕ್ಕ ಅಷ್ಟು ಲೆಕ್ಕ ಹಾಕಿ ತೋರಿಸ್ತಾ ಇದ್ದಾರೆ ಮಾರಾಯ್ರೆ!"

ಕೋಷ್ಟಕದ ಕೆಳಗೆ ಮೊದಲ ಎರಡು ಅಕ್ಷರಗಳ ಲೆಕ್ಕ ಬೇರೆ ಇರುತ್ತದೆ. ಅದನ್ನೂ ಎಣಿಸಿದೆವು. ಸಿಎ ಪೂರ್ತಿ, ಸಿಐ, ಸಿಎಲ್ ಕೂಡ ಪೂರ್ತಿ, ಸಿಓ ಒಂದು ಕಡಿಮೆ. ಏಳೂ ಅಕ್ಷರ ಬರುವ ಪದಗಳ ಸಂಖ್ಯೆಯಲ್ಲೂ ಒಂದು ಕಡಿಮೆಯಿತ್ತು. ಇಷ್ಟೇ ಕೋಷ್ಟಕ ಹೇಳುವುದು. ಯಾವ ಮನೆಯ ಬಾಗಿಲು ತಟ್ಟಬೇಕು ಎಂದು ತೋರಿಸುತ್ತದೆ, ಒಳಗಿದ್ದವರನ್ನು ಕರೆತರುವವರು ನಾವೇ.

ರೈಲು ಕೊಲ್ಲಂ ಬಿಟ್ಟಿತ್ತು. ಕಣ್ಣು ಮುಚ್ಚಿ ಬೆರಳ ಮೇಲೆ ಹನ್ನೆರಡು ಎಣಿಸುತ್ತ ಕೂತೆ. ಆಗ ನನ್ನ ಬಾಕಿ ಪಟ್ಟಿಯ ತಲೆಬರಹ ನೆನಪಾಯಿತು. ಮಾಲೀಕರನ್ನೂ ಕಾರ್ಮಿಕರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವುದಕ್ಕೆ ನಮ್ಮ ಕಚೇರಿಯಲ್ಲಿ ಇರುವ ಹೆಸರು, ಸಾವಿರ ಸಲ ನಾನು ಟೈಪು ಮಾಡಿದ ಪದ.

"ಕಾನ್ಸಿಲಿಯೇಶನ್ ಹಾಕ್ರಿ ಸರ್."

ಹಾಕಿದರು. ಪರದೆ ಹೊಳೆಯಿತು, ಪೂರ್ತಿ ಪದವಿ ಬಂತು. ಮಂಗಳೂರಿನ ಹುಡುಗಿ ಕಿರುಚಿದ್ದಕ್ಕೆ ಪಕ್ಕದ ಸೀಟಿನ ಮಗು ಎದ್ದಿತು. ಮ್ಯಾನೇಜರು ನನ್ನತ್ತ ನೋಡಲಿಲ್ಲ. ಬೆರಳು ಆಡಿಸಿದರು, ನನ್ನ ಫೋನು ಸದ್ದು ಮಾಡಿತು. ಗುಂಪಿನಲ್ಲಿ ಅವರ ಸಂದೇಶ: "ಪೂರ್ತಿ! ತಲೆಯಿಂದಲೇ!"

ಎದುರಿಗೇ ಕೂತ ಮನುಷ್ಯ! ಆ ಲಕೋಟೆಯ ಫೋಟೋ ತೆಗೆದು ಅವರ ಸಂದೇಶದ ಕೆಳಗೆ ಹಾಕಿದೆ. "ಸಿ ಸಾಲು, ಹನ್ನೆರಡರ ಕಾಲಂ. ಕೋಷ್ಟಕ ಓದಿದವಳು ನಾನು."

ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ವರ್ಕಲ ಬರುವ ಹೊತ್ತಿಗೆ ಮೆಲ್ಲಗೆ, "ಸರಿ ಮೇಡಂ, ಈ ವಾರದಿಂದ ನಿಮ್ಮ ಹೆಸರೂ ಸೇರಿಸ್ತೀನಿ. ಟೇಬಲ್ ವಿಷಯ ಮಾತ್ರ ಬರೀಬೇಡಿ, ಆ ಫೋಟೋನೂ ತೆಗೆದ್ಬಿಡಿ," ಎಂದರು.

"ಹೆಸರು ಹಾಕೋದಾದ್ರ ಅದರ ಕೂಡ ಟೇಬಲ್ಲೂ ಹಾಕ್ರಿ. ಇಲ್ಲಾಂದ್ರ ಎರಡೂ ಬ್ಯಾಡ. ಫೋಟೋ ತೆಗಿಯೂದಿಲ್ಲ."

ಆ ಎರಡು ತಿಂಗಳೂ ನನಗೆ ಬೇಕಾಗಿದ್ದುದು ಪಟ್ಟಿಯಲ್ಲಿ ಒಂದು ಜಾಗ. ಅದು ಕೈಗೆ ಬಂದಿತ್ತು, ಬಿಟ್ಟುಕೊಟ್ಟೆ. ಗೃಹಪ್ರವೇಶದ ಹೋಳಿಗೆಯನ್ನು ಮಾತ್ರ ಎರಡು ಸಲ ಹಾಕಿಸಿಕೊಂಡೆ.

ಮುಂದಿನ ವಾರದ ಪಟ್ಟಿಯಲ್ಲೂ ನನ್ನ ಹೆಸರಿರಲಿಲ್ಲ. ಮರುದಿನ ಬೆಳಿಗ್ಗೆ ಕಚೇರಿಗೆಂದು ಫೆರಿ ದೋಣಿ ಇಳಿಯುವಾಗ ಮ್ಯಾನೇಜರಿಂದ ನನಗೊಬ್ಬಳಿಗೇ ಸಂದೇಶ ಬಂತು: "ಮೇಡಂ, ಎನ್ ಸಾಲಿನಲ್ಲಿ ಐದಕ್ಷರದ್ದು ಎಷ್ಟಿದೆ? ನನ್ನ ಹತ್ರ ಎರಡಿದೆ."

ಕೋಷ್ಟಕ ನೋಡಿದೆ. ಮೂರಿತ್ತು. ಉತ್ತರ ಬರೆದೆ: "ಗುಂಪಿನ್ಯಾಗ ಕೇಳ್ರಿ ಸರ್, ಹೇಳ್ತೀನಿ."

ಗೂಡು ಬದಲಾಗಲು ಇನ್ನು ಹತ್ತು ನಿಮಿಷ ಇರುವಾಗ, ಎಲ್ಲರೂ ನೋಡುವ ಹಾಗೆ, ಗುಂಪಿನಲ್ಲಿ ಅದೇ ಪ್ರಶ್ನೆ ನನ್ನ ಹೆಸರು ಹಿಡಿದು ಬಂತು.