ಎಂಟರಿಂದ ಭಾಗಿಸದ ಲೆಕ್ಕ

ಚಿತ್ತಾಪುರದ ತಹಶೀಲ್ ಕಚೇರಿಯ ಎದುರಿಗೆ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ, ಎಲ್ಲ ಅಲ್ಲೇ. ಬಾಗಿಲಿಗೆ ‘50 ಎಂಬಿ ಸ್ಪೀಡ್’ ಎಂದು ಕೆಂಪಕ್ಷರದಲ್ಲಿ ನಾನೇ ಬರೆಸಿದ್ದೆ. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುತ್ತಾರೆ, ಫೈಲಿಗೂ ಎಂಬಿ, ಸ್ಪೀಡಿಗೂ ಎಂಬಿ. ಇಂಥ ಅಂಗಡಿ ಇಟ್ಟುಕೊಂಡವನಿಗೆ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ.

ನನ್ನ ಅಕ್ಕ ಕೊಡ್ಲಿಯಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಆಕೆಗೆ ಒಂದೇ ಆಸೆ, ನಮ್ಮ ಅವ್ವನನ್ನು ನೋಡಬೇಕು ಅನ್ನುವುದು. ಅವ್ವ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಮನೆಯಲ್ಲಿ ಒಂದು ಫೋಟೋ ಇಲ್ಲ. ಇದ್ದೊಂದು ಮಳೆಗೆ ತೊಯ್ದು ಹಾಳಾಗಿತ್ತು.

“ಧ್ವನಿ ನೆನಪದ ತಮ್ಮಾ, ಮಾರಿನೇ ಮರತೀನಿ,” ಅನ್ನುತ್ತಿದ್ದಳು ಅಕ್ಕ. “ಒಮ್ಮೆ ನೋಡಿ ಹೋಗ್ತೀನಿ.”

ಅವ್ವ ಬೀಸುಕಲ್ಲಿನ ಪದ ಹಾಡುವುದನ್ನು ಕಾಲೇಜಿನ ಮೇಷ್ಟ್ರೊಬ್ಬರು ಹಿಂದೊಮ್ಮೆ ವಿಡಿಯೋ ಮಾಡಿಕೊಂಡು ಹೋಗಿದ್ದರು. ಅವರನ್ನು ಹುಡುಕಿ, ಎರಡು ತಿಂಗಳು ಬೆನ್ನು ಬಿದ್ದೆ. ಕೊನೆಗೆ ಅವರು ಹಳೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಿ, ಒಂದು ಮಧ್ಯಾಹ್ನ ಎರಡು ಗಂಟೆಗೆ ಲಿಂಕ್ ಕಳಿಸಿದರು. ಹದಿನೈದು ಜಿಬಿಯ ಜಿಪ್ ಫೈಲ್. ಪೂರ್ತಿ ಇಳಿಯುವತನಕ ಅದು ತೆರೆಯುವುದಿಲ್ಲ. ಕೊಡ್ಲಿಯ ಆ ಮನೆಯೊಳಗೆ ಫೋನಿನ ಮಾತೇ ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ಇಲ್ಲಿಯೇ ಇಳಿಸಿ ಲ್ಯಾಪ್‌ಟಾಪಿನಲ್ಲಿ ಒಯ್ಯಬೇಕು. ಕಾಳಗಿ ಮೇಲೆ ಕೊಡ್ಲಿಗೆ ಹೋಗುವ ಬಸ್ಸು ನಾಲ್ಕಕ್ಕೆ. ಅದು ಬಿಟ್ಟರೆ ಮರುದಿನ ಮುಂಜಾನೆಯೇ.

ಹದಿನೈದು ಜಿಬಿ ಅಂದರೆ ಹದಿನೈದು ಸಾವಿರ ಎಂಬಿ. ಐವತ್ತರಿಂದ ಭಾಗಿಸಿದೆ. ಮುನ್ನೂರು ಸೆಕೆಂಡು, ಐದೇ ನಿಮಿಷ. ಸೊಸೆಗೆ, ಅಂದರೆ ಅಕ್ಕನ ಮಗಳಿಗೆ, ಫೋನ್ ಮಾಡಿ “ಸಂಜಿಗಿ ಅಜ್ಜಿನ್ನ ಕರಕೊಂಡೇ ಬರ್ತೀನಿ” ಎಂದು ಜಂಬ ಕೊಚ್ಚಿದೆ. ಅಂಗಡಿಯಲ್ಲಿ ಅರ್ಜಿ ತುಂಬುವವರ ಸಾಲಿತ್ತು. ಐದು ನಿಮಿಷದ ಕೆಲಸ ತಾನೇ, ಎಂದು ಅವರನ್ನು ಮುಗಿಸಿ, ಚಹಾ ಕುಡಿದು, ಮೂರೂವರೆಗೆ ಡೌನ್‌ಲೋಡ್ ಒತ್ತಿದೆ.

ಸೆಕೆಂಡಿಗೆ ಆರು ಎಂಬಿ ತೋರಿಸಿತು. ಉಳಿದ ಕಂಪ್ಯೂಟರುಗಳನ್ನೆಲ್ಲ ಬಂದ್ ಮಾಡಿದೆ. ಆರೇ. ಲೈನ್ ಹಾಕಿಕೊಟ್ಟವನಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ.

“ಐವತ್ತರ ರೊಕ್ಕ ತಗೊಂಡು ಆರು ಕೊಡಾಕತ್ತೀ ಏನು?”

ಅವನು ಸಿಟ್ಟಾಗಲಿಲ್ಲ. “ಐವತ್ತೇ ಬರಾಕತ್ತದರಿ ಸರ್. ಲೈನಿಂದು ಮೆಗಾಬಿಟ್ ಲೆಕ್ಕ, ಫೈಲಿಂದು ಮೆಗಾಬೈಟ್. ಎಂಟು ಬಿಟ್ ಕೂಡಿದ್ರ ಒಂದು ಬೈಟ್. ಐವತ್ತಕ್ಕ ಎಂಟರಿಂದ ಭಾಗಿಸ್ರಿ, ಆರೂಕಾಲು. ಅದರಾಗೂ ಸ್ವಲ್ಪ ಹಾದ್ಯಾಗ ಹೋಗ್ತದ.”

ಕಾಗದ ತೆಗೆದುಕೊಂಡು ಮತ್ತೆ ಲೆಕ್ಕ ಹಾಕಿದೆ. ಹದಿನೈದು ಸಾವಿರವನ್ನು ಆರರಿಂದ ಭಾಗಿಸಿದರೆ ಎರಡು ಸಾವಿರದ ಐನೂರು ಸೆಕೆಂಡು. ನಲವತ್ತೆರಡು ನಿಮಿಷ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಇಪ್ಪತ್ತೈದು ನಿಮಿಷವಿತ್ತು. ಎರಡಕ್ಕೇ ಒತ್ತಿದ್ದರೆ ಮೂರರೊಳಗೆ ಮುಗಿದಿರುತ್ತಿತ್ತು.

ಬಸ್ಸು ಹೊರಟ ಹೊತ್ತಿಗೆ ನೂರಕ್ಕೆ ಎಪ್ಪತ್ತೆರಡು ಇಳಿದಿತ್ತು. ನಾಲ್ಕೂ ಹನ್ನೆರಡಕ್ಕೆ ಪೂರ್ತಿಯಾಯಿತು. ಬಾಡಿಗೆ ಗಾಡಿ ಮಾಡಿಕೊಂಡು ಹೋಗಲೇ ಎಂದು ಫೋನ್ ಮಾಡಿದೆ. ಸೊಸೆ ಫೋನನ್ನು ಅಕ್ಕನ ಕಿವಿಗೆ ಹಿಡಿದಳು.

“ಅವಸರ ಮಾಡಬ್ಯಾಡ ತಮ್ಮಾ. ಇವತ್ತು ಗಂಜಿ ಕುಡದೀನಿ. ಮುಂಜಾನಿ ಬಾ.”

ಆ ಮಾತಿಗೆ ನಾನು ನಿರಾಳನಾದೆ. ಅದಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಕ್ಕನ ಜೊತೆಗೇ ನೋಡೋಣವೆಂದು ಫೈಲನ್ನು ತೆರೆಯಲೂ ಇಲ್ಲ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಲ್ಯಾಪ್‌ಟಾಪ್ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾಗ ಸೊಸೆಯ ಫೋನ್ ಬಂತು. ಆಕೆ ಅಳುತ್ತಿದ್ದಳು. ಮುಂದೆ ಏನೂ ಹೇಳಬೇಕಾಗಲಿಲ್ಲ.

ಮಣ್ಣು ಮಾಡಿ ಬಂದ ಮೂರನೆಯ ದಿನ ಸೊಸೆಯೇ ಕೇಳಿದಳು, “ಮಾಮಾ, ಅಜ್ಜಿನ್ನ ತೋರಸ್ರಿ.” ನನಗೆ ಮನಸ್ಸಿರಲಿಲ್ಲ. ಆದರೂ ತೆರೆದೆ. ಅವ್ವ ಬೀಸುಕಲ್ಲಿನ ಮುಂದೆ ಕುಳಿತು, ಸೆರಗು ಸರಿಮಾಡಿಕೊಂಡು, ಕ್ಯಾಮೆರಾ ನೋಡಿ ನಾಚಿದಳು. ಆಮೇಲೆ ಹಾಡಲು ತೊಡಗಿದಳು.

ಸೊಸೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ಮಾಮಾ, ಇದು ನಮ್ಮವ್ವಂದೇ ಮಾರಿ.”

ಹೌದು. ಅದೇ ಹಣೆ, ಅದೇ ಓರೆ ಹಲ್ಲು. ಗೋಡೆಯ ಗೂಡಿನಲ್ಲಿ ಅಕ್ಕನ ಕೈಗನ್ನಡಿ ಇನ್ನೂ ಇತ್ತು. ದಿನಾ ಅದರಲ್ಲಿ ನೋಡಿಕೊಂಡೇ ಆಕೆ ಕುಂಕುಮ ಇಟ್ಟುಕೊಳ್ಳುತ್ತಿದ್ದಳು.

ಈಗ ಅಂಗಡಿಯ ಬಾಗಿಲಿನ ಕೆಂಪಕ್ಷರ ಅಳಿಸಿದ್ದೇನೆ. ಫೈಲ್ ಇಳಿಸಲು ಎಷ್ಟು ಹೊತ್ತು ಎಂದು ಯಾರಾದರೂ ಕೇಳಿದರೆ ಎಂಟರಿಂದ ಭಾಗಿಸಿ, ಮೇಲೆ ಸ್ವಲ್ಪ ಸೇರಿಸಿ ಹೇಳುತ್ತೇನೆ. ಹೇಳುವ ಮೊದಲೇ ಡೌನ್‌ಲೋಡ್ ಒತ್ತಿರುತ್ತೇನೆ.