ದುಪ್ಪಟ್ಟು ಕಾಯುವ ಕಂಪ್ಯೂಟರ್

ಜೋಯಿಡಾದ ಮಳೆಮಾಪನ ಕೇಂದ್ರದಿಂದ ದಾಂಡೇಲಿಗೆ ಫೋನ್ ಲೈನಿನಲ್ಲಿ ವರದಿ ಕಳಿಸುವ ಪ್ರೋಗ್ರಾಂ ಬರೆದವನು ನಾನೇ. ಕರೆ ಹೋಗದಿದ್ದರೆ ಅದು ಒಂದು ನಿಮಿಷ ಕಾದು ಮತ್ತೆ ಯತ್ನಿಸುತ್ತಿತ್ತು. ಆಮೇಲೆ ಎರಡು, ನಾಲ್ಕು, ಎಂಟು, ಹೀಗೆ ಪ್ರತಿ ಸಲ ದುಪ್ಪಟ್ಟು ಕಾಯುತ್ತಿತ್ತು. ಇಷ್ಟೇ ಸಾಕು ಎಂಬ ಮಿತಿಯನ್ನು ನಾನು ಹಾಕಿರಲಿಲ್ಲ.

ಒಂದು ದಿನ ಬೆಳಿಗ್ಗೆ ಏಳಕ್ಕೆ ಲೈನ್ ಸತ್ತಿತು. ಏಳು ಸಲ ಕಾಯುವಷ್ಟರಲ್ಲಿ ನೂರಿಪ್ಪತ್ತೇಳು ನಿಮಿಷ ಕಳೆದವು. ಆಗಲೂ ಕರೆ ಹೋಗದೆ, ಅದು ಮತ್ತೆ ನೂರಿಪ್ಪತ್ತೆಂಟು ನಿಮಿಷ ಕಾಯಲು ಕೂತಿತು. ಮೂರೇ ನಿಮಿಷದಲ್ಲಿ ಲೈನ್ ಬಂತು. ದಾಂಡೇಲಿಯಲ್ಲಿದ್ದ ನನಗೆ ವರದಿ ಬಂದದ್ದು ಹನ್ನೊಂದೂಕಾಲಿಗೆ!

ಫೋನಿನಲ್ಲಿ ಜೋಯಿಡಾ ಕೇಂದ್ರದ ಆಪರೇಟರನ ಮೇಲೆ ಹರಿಹಾಯ್ದೆ. “ಲೈನ್ ಬಂದಮ್ಯಾಲೆ ಒಂದು ಗುಂಡಿ ಒತ್ತಾಕ ಏನು ಧಾಡಿ ನಿನಗ?”

ಅವನೂ ಸಿಡಿದ. “ಕಂಪ್ಯೂಟರಿಗೆ ಕೈ ಹಚ್ಚಬ್ಯಾಡ ಅಂತ ಚೀಟಿ ಅಂಟಿಸಿ ಹೋದವರು ಯಾರ್ರಿ?”

ಚೀಟಿಯಲ್ಲಿ ನನ್ನದೇ ಸಹಿ ಇತ್ತು.